ಇಪ್ಪತ್ತು ಅಂದರೆ ಎಷ್ಟು?

ಶಾಲೆ ಶುರುವಾಗಲು ನಾಲ್ಕೈದು ದಿನ ಉಳಿದಿತ್ತು. ಅರಸೀಕೆರೆಯ ಒಂದು ಪುಸ್ತಕದಂಗಡಿಯಲ್ಲಿ ಸಂಜೆ ಹೊತ್ತು ಲೆಕ್ಕ ಬರೆಯುವುದು ನನ್ನ ಉಪಕಸುಬು. ಅವತ್ತು ಹೋದಾಗ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರಿನ ಪೇಟೆಯಿಂದ ಆರು ನಗ ಮಾಲು ಬಂದಿತ್ತು. ಐದು ಪೆಟ್ಟಿಗೆ ತುಂಬ ಲಾಂಗ್ ನೋಟ್‌ಬುಕ್ಕು. ಆರನೆಯದರಲ್ಲಿ ಜಾಮಿಟ್ರಿ ಬಾಕ್ಸುಗಳು, ಅವುಗಳ ಸಂದಿಯಲ್ಲಿ ತುರುಕಿದ್ದ ಒಂದೇ ಒಂದು ಪೆನ್ನಿನ ಡಬ್ಬಿ. ತೆಗೆದು ಎಣಿಸಿದರೆ ಇಪ್ಪತ್ತು ಬಾಲ್ ಪೆನ್ನು. ಜೊತೆಗೆ ಬಂದ ಡೆಲಿವರಿ ಚಲನ್‌ನಲ್ಲೂ ‘ಬಾಲ್ ಪೆನ್ – 20’ ಅಂತಲೇ ಇತ್ತು.

“ಸರಿಯಾಗೇ ಇದೆಯಲ್ಲಣ್ಣ,” ಎಂದ ಅಂಗಡಿ ಹುಡುಗ.

“ಎಲ್ಲಿ ಸರಿ? ನಾನು ಹೇಳಿದ್ದು ಇಪ್ಪತ್ತು ಡಜನ್ನು ಕಣೋ. ಇಪ್ಪತ್ತು ಪೆನ್ನು ತಗೊಂಡು ಒಂದನೇ ಕ್ಲಾಸಿಗೂ ಸಾಲಲ್ಲ,” ಎಂದರು ಯಜಮಾನರು.

ಇಬ್ಬರೂ ನೋಡುತ್ತಿದ್ದದ್ದು ಒಂದೇ ಚೀಟಿ. ಅದರಲ್ಲಿದ್ದದ್ದು ಮೂರೇ ಸಾಲು. ಲಾಂಗ್ ನೋಟ್‌ಬುಕ್ 30, ಬಾಲ್ ಪೆನ್ 20, ಜಾಮಿಟ್ರಿ ಬಾಕ್ಸ್ 60. ದರದ ಕಾಲಂ ಖಾಲಿ. ಬಿಲ್ಲು ಹಿಂದಿನಿಂದ ಬರುತ್ತದೆ ಎಂದು ಕೆಳಗೆ ಬರೆದಿತ್ತು. ಪೀಸೋ ಡಜನ್ನೋ ಬಾಕ್ಸೋ, ಎಲ್ಲೂ ಒಂದಕ್ಷರ ಇರಲಿಲ್ಲ.

ಪಕ್ಕದ ಸಾಲು ನೋಡಿ ಊಹಿಸೋಣ ಎಂದರೆ ಅದೂ ಆಗಲಿಲ್ಲ. ನೋಟ್‌ಬುಕ್ ಎಣಿಸಿದೆವು. ಪೆಟ್ಟಿಗೆಗೆ ಆರು ಡಜನ್ನಿನಂತೆ ಐದು ಪೆಟ್ಟಿಗೆ, ಒಟ್ಟು 360 ಪುಸ್ತಕ. ಅಂದರೆ ಮೊದಲ ಸಾಲಿನ 30 ಎಂಬುದು ಡಜನ್. ಜಾಮಿಟ್ರಿ ಬಾಕ್ಸ್ ಎಣಿಸಿದರೆ ಸರಿಯಾಗಿ ಅರವತ್ತು. ಅಂದರೆ ಮೂರನೆಯ ಸಾಲಿನ 60 ಎಂಬುದು ಪೀಸ್. ನಡುವಿನ ಇಪ್ಪತ್ತು ಯಾರ ಕಡೆ? ಮೇಲಿನ ಸಾಲಿನ ಜೊತೆ ಹೋದರೆ 240 ಪೆನ್ನು ಬರಬೇಕಿತ್ತು, 220 ಕಡಿಮೆ ಬಂದಿದೆ. ಕೆಳಗಿನ ಸಾಲಿನ ಜೊತೆ ಹೋದರೆ ಲೆಕ್ಕ ಚುಕ್ತಾ, ಒಂದು ಪೆನ್ನೂ ಕಡಿಮೆಯಿಲ್ಲ. ಮಾಲು ಕಮ್ಮಿ ಬಂದಿದೆಯೋ ಇಲ್ಲವೋ ಎಂಬುದನ್ನೇ ಹೇಳಲಾಗದ ಚಲನ್ ಅದು. ಚಲನ್ ಇರುವುದೇ ಅದನ್ನು ಹೇಳುವುದಕ್ಕೆ.

ಸ್ಟೇಷನರಿ ವ್ಯಾಪಾರದಲ್ಲಿ ಈ ಗೊಂದಲ ಹೆಚ್ಚು. ಒಂದೇ ಕಪಾಟಿನಲ್ಲಿ ನಾಲ್ಕು ಬಗೆಯ ಎಣಿಕೆ ಇರುತ್ತದೆ. ನೋಟ್‌ಬುಕ್ಕಿಗೆ ದರ ಹೇಳುವುದು ಡಜನ್ನಿಗೆ. ಜಾಮಿಟ್ರಿ ಬಾಕ್ಸು, ವಾಟರ್ ಬಾಟ್ಲು ಬಿಡಿ. ಪೆನ್ಸಿಲ್ಲು ಸಾಮಾನ್ಯವಾಗಿ ಹತ್ತರ ಡಬ್ಬಿ. ಪೆನ್ನಿನ ಡಬ್ಬಿಯಲ್ಲಿ ಒಂದು ಕಂಪನಿಯವರದು ಹತ್ತಿದ್ದರೆ ಇನ್ನೊಂದರದು ಇಪ್ಪತ್ತು, ಆದರೆ ಪೇಟೆಯಲ್ಲಿ ಬಾಯಿಮಾತಿನ ದರ ಮಾತ್ರ ಇಂದಿಗೂ ಡಜನ್ನಿನ ಮೇಲೆ. ಬಟನ್ನು ಕೇಳಿದರೆ ಗ್ರೋಸ್, ಅಂದರೆ ಹನ್ನೆರಡು ಡಜನ್, 144. ಹನ್ನೆರಡರ ಲೆಕ್ಕವೂ ಹತ್ತರ ಲೆಕ್ಕವೂ ಒಂದೇ ಚೀಟಿಯ ಮೇಲೆ ಮೈಗೆ ಮೈ ತಾಗಿಸಿ ಕೂತಿರುತ್ತವೆ.

ಹಾಗೆಂದು ಮಾನ ಬರೆಯದೆ ವ್ಯಾಪಾರವೇ ನಡೆಯದು ಎನ್ನುವಂತಿಲ್ಲ. ಅದೇ ಬೀದಿಯ ಬಳೆ ಅಂಗಡಿಗೆ ಹೋಗಿ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಎರಡು-ಹತ್ತು ಎಂದು ಅಳತೆ ಹೇಳುತ್ತಾರೆ. ಅದು ಎರಡು ಇಂಚು ಮತ್ತು ಇಂಚಿನ ಹದಿನಾರನೇ ನಾಲ್ಕು ಭಾಗ, ಆರು ಭಾಗ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಚೀಟಿಯಲ್ಲಿ 2.10 ಎಂದು ಬರೆದದ್ದು 2.8ಕ್ಕಿಂತ ದೊಡ್ಡ ಬಳೆ. ಗಣಿತದ ಮೇಷ್ಟ್ರು ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ಆದರೆ ಬಳೆಗಾರನಿಗೂ ಕೈಯೊಡ್ಡಿದ ಹೆಂಗಸಿಗೂ ಆ ಸಂಖ್ಯೆಗೆ ಇರುವುದು ಒಂದೇ ಅರ್ಥ, ಹಾಗಾಗಿ ಬಳೆ ಕೈಗೇರುತ್ತದೆ. ಪೆನ್ನಿನ ಇಪ್ಪತ್ತಕ್ಕೆ ಆ ಭಾಗ್ಯವಿಲ್ಲ.

ಯಜಮಾನರ ಕೈಯಲ್ಲಿ ಆಗಲೇ ಅಂಗಡಿಯ ಸೀಲು ಇತ್ತು. ಚಲನ್ನಿನ ಒಂದು ಪ್ರತಿಗೆ ‘ಮಾಲು ಸರಿಯಾಗಿ ತಲುಪಿದೆ’ ಎಂಬುದರ ಕೆಳಗೆ ಸೀಲು ಹೊಡೆದು, ಸಹಿ ಹಾಕಿ, ಪೇಟೆಗೆ ವಾಪಸು ಕಳಿಸುವುದು ವಾಡಿಕೆ. “ಸ್ವಲ್ಪ ತಡೀರಿ ಯಜಮಾನ್ರೇ,” ಎಂದೆ.

ಬೆಳಿಗ್ಗೆ ಲಾರಿ ಆಫೀಸಿನಲ್ಲಿ ಅವರು ಹಾಕಿದ ಸಹಿಯಿಂದ ಅಂಥ ಅಪಾಯವಿಲ್ಲ. ಅದು ಆರು ನಗ ಬಂತು ಎಂಬುದಕ್ಕೆ, ಒಳಗೇನಿದೆ ಎಂಬುದಕ್ಕಲ್ಲ. ಚಲನ್ನಿನ ಸಹಿ ಹಾಗಲ್ಲ. ‘ಬಾಲ್ ಪೆನ್ – 20, ಸರಿಯಾಗಿ ತಲುಪಿದೆ’ ಎಂದು ಒಪ್ಪಿ ಕಳಿಸಿದ ಮೇಲೆ ಬಿಲ್ಲು ಬರೆಯುವವನು ಆ ಇಪ್ಪತ್ತಕ್ಕೆ ತನಗೆ ತೋಚಿದ ಮಾನ ಹಚ್ಚಬಹುದು. ಬೇಕೆಂದೇ ಮಾಡಬೇಕಿಲ್ಲ, ಕಂಪ್ಯೂಟರೇ ಮಾಡುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ಸಾಮಾನಿಗೂ ಮೊದಲೇ ಒಂದು ಮಾನ ಕಟ್ಟಿಟ್ಟಿರುತ್ತಾರೆ. ಪೆನ್ನಿನ ಮುಂದೆ DOZ ಎಂದು ಇಟ್ಟಿದ್ದರೆ, ಗುಮಾಸ್ತ 20 ಒತ್ತಿದ ಕೂಡಲೇ ಅದು ಇಪ್ಪತ್ತು ಡಜನ್ ಆಗಿ ಕೂರುತ್ತದೆ. ಆತ ಗೋದಾಮು ನೋಡಿರುವುದಿಲ್ಲ, ಅವನ ಮುಂದಿರುವುದು ಚಲನ್ನಿನ ಪ್ರತಿ ಒಂದೇ.

ನಮ್ಮ ಲೆಕ್ಕದಲ್ಲಿ ಇದರ ವ್ಯತ್ಯಾಸ ಎಷ್ಟು ನೋಡಿ. ಆ ಪೆನ್ನಿನ ಮೇಲೆ ಅಚ್ಚಾದ ಬೆಲೆ 10 ರೂಪಾಯಿ. ನಮಗೆ ಬೀಳುವ ದರ ಡಜನ್ನಿಗೆ 90, ಅಂದರೆ ಒಂದಕ್ಕೆ ಏಳೂವರೆ. ಇಪ್ಪತ್ತು ಪೆನ್ನಿಗೆ 150 ರೂಪಾಯಿ. ಇಪ್ಪತ್ತು ಡಜನ್ನಿಗೆ 1,800. ನಡುವೆ 1,650 ರೂಪಾಯಿ, ತೆರಿಗೆ ಬೇರೆ. ಮುಳುಗಿ ಹೋಗುವ ಮೊತ್ತವಲ್ಲ, ನಿಜ. ಆದರೆ ಪೆನ್ನು ಮಾರಿ ಅಷ್ಟು ದುಡಿಯಲು ಆರುನೂರು ಅರವತ್ತು ಪೆನ್ನು ಮಾರಬೇಕು, ಒಂದಕ್ಕೆ ಸಿಗುವ ಲಾಭ ಎರಡೂವರೆ ರೂಪಾಯಿ.

ಚಲನ್‌ನಲ್ಲಿ ದರವನ್ನಾದರೂ ತುಂಬಿದ್ದರೆ ಅರ್ಧ ತೊಡಕು ಅಲ್ಲೇ ಬಿಡಿಸುತ್ತಿತ್ತು. ಮೊತ್ತವನ್ನು ಸಂಖ್ಯೆಯಿಂದ ಭಾಗಿಸಿದರೆ ಸಾಕು. 90 ಬಂದರೆ ಡಜನ್, ಹತ್ತು ರೂಪಾಯಿಯ ಪೆನ್ನನ್ನು ಯಾರೂ ತೊಂಬತ್ತಕ್ಕೆ ಕೊಳ್ಳುವುದಿಲ್ಲ. ಲಾರಿ ರಸೀದಿಯ ತೂಕವೂ ಕೆಲವೊಮ್ಮೆ ಗುಟ್ಟು ಬಿಡುತ್ತದೆ. ಮೂವತ್ತು ನೋಟ್‌ಬುಕ್ಕನ್ನು ಒಂದು ಕೈಯಲ್ಲಿ ಎತ್ತಬಹುದು, ಮೂವತ್ತು ಡಜನ್ನಿಗೆ ಹಮಾಲಿ ಬೇಕು. ಆದರೆ ಪೆನ್ನಿನ ವಿಷಯದಲ್ಲಿ ತೂಕ ನೆಚ್ಚಿದರೆ ಕೆಟ್ಟಂತೆ. ಇನ್ನೂರು ಪೆನ್ನು ಹೆಚ್ಚು ಕಡಿಮೆಯಾದರೂ ಎರಡು ಕೆಜಿಯ ಆಸುಪಾಸು. ಆರು ನಗದ ತೂಕವನ್ನು ಅಂದಾಜಿನಲ್ಲಿ ಬರೆಯುವ ರಸೀದಿಯಲ್ಲಿ ಅದು ಎಲ್ಲಿ ಕಾಣುತ್ತದೆ?

ಹಾಗಾಗಿ ಪತ್ರ ಬರೆಯುವುದೇ ಸರಿ ಎಂದಾಯಿತು. ಯಜಮಾನರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಹೇಳಿಬಿಡುವ ಆಸೆ. ಫೋನ್ ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಸೀಸನ್ನಿನಲ್ಲಿ ದಿನಕ್ಕೆ ನೂರು ಫೋನ್ ಎತ್ತುವ ಗಲ್ಲೆಯವರಿಗೆ ನಮ್ಮ ಪೆನ್ನು ನೆನಪಿನಲ್ಲಿ ಉಳಿಯುವುದಿಲ್ಲ. ಹದಿನೈದು ದಿನ ಬಿಟ್ಟು ಬಿಲ್ಲು ಬಂದಾಗ ‘ಅವತ್ತೇ ಹೇಳಿದ್ದೆನಲ್ಲ’ ಎಂಬುದಕ್ಕೆ ತೂಕವಿಲ್ಲ.

ಅವರೇ ಒಂದು ಹಾಳೆ ತೆಗೆದುಕೊಂಡು ಗೀಚಿದರು. ‘ನೀವು ಕಳಿಸಿದ ಪೆನ್ನು ಕಮ್ಮಿ ಇದೆ. 20 ಬಂದಿದೆ. ಹೀಗೆ ಮಾಡಿದರೆ ವ್ಯಾಪಾರ ಕಷ್ಟ. ಪೀಸೋ ಡಜನ್ನೋ ಕೂಡಲೇ ತಿಳಿಸಿ.’ ಓದಿ ನನಗೆ ನಗು ತಡೆಯಲಾಗಲಿಲ್ಲ. ‘20 ಬಂದಿದೆ’ ಎಂದರೆ? ಪೇಟೆಯವರು ಇದನ್ನೇ ಹಿಡಿದು, ‘ಇಪ್ಪತ್ತು ಡಜನ್ ಬಂದಿದೆ ಅಂತ ಅವರೇ ಬರೆದಿದ್ದಾರೆ’ ಎಂದರೆ? ಮಾನವಿಲ್ಲದ ಸಂಖ್ಯೆಯ ಬಗ್ಗೆ ದೂರುವ ಪತ್ರದಲ್ಲೇ ಮಾನವಿಲ್ಲದ ಸಂಖ್ಯೆ.

ಇನ್ನೊಂದು ತೊಂದರೆ ಕೊನೆಯ ಪ್ರಶ್ನೆಯಲ್ಲಿತ್ತು. ‘ಪೀಸೋ ಡಜನ್ನೋ?’ ಎಂದಷ್ಟೇ ಕೇಳಿದರೆ, ಆ ಕಡೆಯವರು ಗೋದಾಮಿಗೆ ಹೋಗದೆ, ಕೂತಲ್ಲೇ ‘ಡಜನ್’ ಎಂದುಬಿಡುತ್ತಾರೆ. ಪೆನ್ನಿನ ದರ ಅವರ ಬಾಯಲ್ಲಿ ಇರುವುದೇ ಡಜನ್ನಿಗೆ. ಆಮೇಲೆ ‘ನಮಗೆ ಬಂದದ್ದು ಇಪ್ಪತ್ತೇ ಪೆನ್ನು’ ಎಂದರೆ, ಡಜನ್ ಎಂದು ತಿಳಿದ ಮೇಲೆ ಹೇಳುತ್ತಿರುವ ಮಾತಿನಂತೆ ಕೇಳಿಸುತ್ತದೆ. ಆದ್ದರಿಂದ ಮೊದಲು ನಮ್ಮ ಎಣಿಕೆ, ಆಮೇಲೆ ಪ್ರಶ್ನೆ. ಎಣಿಕೆಯೂ ಬಿಡಿಯಲ್ಲೇ ಇರಬೇಕು. ಡಜನ್ನಿಗೆ ಹನ್ನೆರಡು ಎಂಬುದಾದರೂ ಖಚಿತ, ಡಬ್ಬಿಗೆ ಎಷ್ಟು ಎಂಬುದು ಕಂಪನಿಯ ಮರ್ಜಿ. ಒಂದು ಪೆನ್ನು ಎಂದರೆ ಮಾತ್ರ ಎಲ್ಲರಿಗೂ ಒಂದೇ ಪೆನ್ನು.

ಬರೆಯುವ ಮುನ್ನ ನಾವು ಕಳಿಸಿದ ಆರ್ಡರು ಒಮ್ಮೆ ನೋಡೋಣ ಎಂದೆ. ಯಜಮಾನರು ಮೊಬೈಲು ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹುಡುಕಿ, ಓದಿ, ಮಾತಿಲ್ಲದೆ ನನ್ನ ಕೈಗಿತ್ತರು. ‘ಲಾಂಗ್ ಬುಕ್ 30 ಡಜನ್, ಬಾಲ್ ಪೆನ್ 20, ಜಾಮಿಟ್ರಿ 60 ಪೀಸ್’ ಎಂದಿತ್ತು. ಮೇಲಿನ ಡಜನ್ನು ಪೆನ್ನಿಗೂ ಸೇರುತ್ತದೆ ಎಂದು ಅವರ ಮನಸ್ಸಿನಲ್ಲಿತ್ತು. ಮಾಲು ಕಟ್ಟುವ ಹುಡುಗ ಮನಸ್ಸು ಓದುವವನಲ್ಲ. ಇಪ್ಪತ್ತು ಎಂದು ಕಂಡಿತು, ಕೈಗೆ ಇಪ್ಪತ್ತರ ಡಬ್ಬಿ ಸಿಕ್ಕಿತು, ಇಟ್ಟು ಕಟ್ಟಿದ. ಡಬ್ಬಿಯಲ್ಲಿ ಹತ್ತಿದ್ದಿದ್ದರೂ ಇಪ್ಪತ್ತು ಬಾಕ್ಸೋ ಏನೋ ಎಂದು ಒಮ್ಮೆ ಕೇಳುತ್ತಿದ್ದನೇನೋ.

ಅಂದಮೇಲೆ ತಪ್ಪಿನ ಬೇರು ನಮ್ಮಲ್ಲೇ ಇದೆ. ಇದನ್ನು ಮುಚ್ಚಿಟ್ಟು ಬರೆಯೋಣ ಎಂದು ಹುಡುಗನ ಸಲಹೆ. ಅದು ಆಗದ ಮಾತು. ಆ ಸಂದೇಶ ಅವರ ಮೊಬೈಲಿನಲ್ಲೂ ಇದೆ. ನಾವೇ ಮೊದಲು ಹೇಳಿಬಿಟ್ಟರೆ ಅವರಿಗೆ ತಿರುಗಿ ಬೀಳಲು ಏನೂ ಉಳಿಯುವುದಿಲ್ಲ. ಕೊನೆಗೆ ಕಳಿಸಿದ ಪತ್ರ ಇದು:

‘ಮಾಲೀಕರಿಗೆ ನಮಸ್ಕಾರ. ನಿಮ್ಮ ಮೇ 26ರ ಚಲನ್ ಪ್ರಕಾರ ಕಳಿಸಿದ 6 ನಗ ಇಂದು, ಮೇ 27ರಂದು, ಲಾರಿ ಆಫೀಸಿನಿಂದ ಬಿಡಿಸಿಕೊಂಡೆವು. ಪೆಟ್ಟಿಗೆಗಳು ಒಡೆದಿರಲಿಲ್ಲ, ಟೇಪು ಸರಿಯಾಗಿತ್ತು. ಎಣಿಸಿದಾಗ ಸಿಕ್ಕಿದ್ದು: ಲಾಂಗ್ ನೋಟ್‌ಬುಕ್ 360 ಪೀಸ್ (30 ಡಜನ್). ಬಾಲ್ ಪೆನ್ 20 ಪೀಸ್ (20 ಪೀಸಿನ ಒಂದು ಡಬ್ಬಿ). ಜಾಮಿಟ್ರಿ ಬಾಕ್ಸ್ 60 ಪೀಸ್.

ಚಲನ್‌ನಲ್ಲಿ ಮೂರು ಸಾಲಿಗೂ ಸಂಖ್ಯೆ ಮಾತ್ರ ಇದೆ, ಪೀಸ್ ಅಥವಾ ಡಜನ್ ಎಂದು ಬರೆದಿಲ್ಲ. ನಮ್ಮ ಆರ್ಡರಿನಲ್ಲೂ ಪೆನ್ನಿನ ಮುಂದೆ ಡಜನ್ ಎಂದು ಬರೆಯುವುದು ಬಿಟ್ಟುಹೋಗಿತ್ತು, ಅದು ನಮ್ಮ ಕಡೆಯ ತಪ್ಪು. ನಮಗೆ ಬೇಕಾಗಿದ್ದದ್ದು 20 ಡಜನ್, ಅಂದರೆ 240 ಪೀಸ್.

ನೀವು ಕಳಿಸಿದ್ದು 20 ಪೀಸ್ ಎಂದೇ ಆದರೆ ಬಿಲ್ಲನ್ನು 20 ಪೀಸಿಗೆ ಮಾಡಿ, ಉಳಿದ 220 ಪೀಸನ್ನು, ಅಂದರೆ 20 ಪೀಸಿನ 11 ಡಬ್ಬಿಗಳನ್ನು, ಅದೇ ದರದಲ್ಲಿ ಬೇರೆ ಚಲನ್ ಹಾಕಿ ಕಳಿಸಿ. 20 ಡಜನ್ ಕಟ್ಟಿಸಿದ್ದೀರಿ ಎಂದಾದರೆ 220 ಪೀಸ್ ನಿಮ್ಮ ಗೋದಾಮಿನಲ್ಲೇ ಉಳಿದಿರಬೇಕು, ದಯವಿಟ್ಟು ನೋಡಿಸಿ. ಎರಡರಲ್ಲಿ ಯಾವುದು ಎಂದು ತಿಳಿಯುವವರೆಗೆ ಪೆನ್ನಿನ ಬಿಲ್ಲು ತಡೆಹಿಡಿಯಿರಿ. ನೋಟ್‌ಬುಕ್ ಮತ್ತು ಜಾಮಿಟ್ರಿ ಬಾಕ್ಸಿನ ಬಿಲ್ಲು ಕಳಿಸಬಹುದು, ಅದರ ಹಣ ಎಂದಿನಂತೆ ಬರುತ್ತದೆ. ಚಲನ್ನಿನ ಪ್ರತಿಯ ಮೇಲೆ ಮೇಲಿನ ಎಣಿಕೆ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇವೆ. ಶಾಲೆ ಶುರುವಾಗುವುದರಿಂದ ನಾಳೆ ಸಂಜೆಯೊಳಗೆ ತಿಳಿಸಿದರೆ ಉಪಕಾರ.’

ಇದರಲ್ಲಿ ‘ಟೇಪು ಸರಿಯಾಗಿತ್ತು’ ಎಂಬ ಮಾತು ಯಜಮಾನರಿಗೆ ಬೇಡವಾಗಿತ್ತು. ಆದರೆ ಅದಿಲ್ಲದಿದ್ದರೆ ಪೇಟೆಯವರ ಮೊದಲ ಉತ್ತರ ‘ಲಾರಿಯವರನ್ನು ಕೇಳಿ’ ಎಂದಿರುತ್ತಿತ್ತು. ಒಡೆಯದ ಪೆಟ್ಟಿಗೆಯಿಂದ ಬರೀ ಪೆನ್ನು ಹಾರಿಹೋಗುವುದಿಲ್ಲ. ಬೇರೆ ಎರಡು ಸಾಮಾನಿನ ಹಣ ಕೊಡುತ್ತೇವೆ ಎಂದದ್ದಕ್ಕೂ ಕಾರಣವಿದೆ. ಪೆನ್ನಿನ ನೆಪ ಹೇಳಿ ಇಡೀ ಬಿಲ್ಲು ತಡೆಯುತ್ತಾರೆ ಎಂದು ಅವರಿಗೆ ಅನ್ನಿಸಿದರೆ, ಮಾತು ಪೆನ್ನಿನಿಂದ ಬಾಕಿಯ ಕಡೆಗೆ ಹೊರಳುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ.

ಅದೇ ದಿನ ಬರೆಯಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾನೂನಿನ ಆಸರೆಯೂ ಇತ್ತು. 1930ರ ಸರಕು ಮಾರಾಟ ಕಾಯ್ದೆಯ 37ನೇ ಕಲಂ ಈ ಹೆಚ್ಚು-ಕಡಿಮೆಯ ಬಗ್ಗೆಯೇ ಇದೆ. ಒಪ್ಪಿದ್ದಕ್ಕಿಂತ ಕಡಿಮೆ ಬಂದರೆ ಕೊಳ್ಳುವವನು ತಿರಸ್ಕರಿಸಬಹುದು. ಇಟ್ಟುಕೊಂಡರೆ, ಬಂದಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಬೇಕು. ಹೆಚ್ಚು ಬಂದರೆ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬೇಡ ಎನ್ನಬಹುದು, ಇಲ್ಲವೇ ಪೂರ್ತಿ ಬೇಡ ಎನ್ನಬಹುದು. ಆದರೆ 42ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಯುಕ್ತ ಕಾಲ ಕಳೆದರೂ ಬೇಡ ಎನ್ನದೆ ಮಾಲು ಇಟ್ಟುಕೊಂಡರೆ ಒಪ್ಪಿದಂತೆಯೇ. ಯುಕ್ತ ಕಾಲ ಎಂದರೆ ಎಷ್ಟು ದಿನ ಎಂದು ಆ ಕಲಮಿನಲ್ಲಿ ಬರೆದಿಲ್ಲ. ಜೂನ್ ಮೊದಲ ವಾರ ಮಾರಿ ಮುಗಿಯುವ ಸಾಮಾನಿಗೆ ಜುಲೈನಲ್ಲಿ ತಕರಾರು ತೆಗೆದರೆ ಯಾರು ಕೇಳುತ್ತಾರೆ? ಬಿಲ್ಲಿನ ಕೆಳಗೆ ‘ಭೂಲ್ ಚೂಕ್ ಲೇನಿ ದೇನಿ’ ಎಂದು ಪೇಟೆಯಲ್ಲಿ ಅಚ್ಚು ಹಾಕಿಸುವುದುಂಟು, ತಪ್ಪಿದ್ದರೆ ಕೊಟ್ಟು ತೆಗೆದುಕೊಂಡು ಸರಿಮಾಡೋಣ ಎಂದು. ಅದು ಒಳ್ಳೆಯ ಮನಸ್ಸಿನ ಮಾತು. ತಪ್ಪು ಯಾವುದೆಂದು ತೋರಿಸುವ ಕಾಗದ ಮಾತ್ರ ನಮ್ಮ ಹತ್ತಿರವೇ ಇರಬೇಕು.

ಜಿಎಸ್‌ಟಿ ಬಂದ ಮೇಲೆ ಇದೆಲ್ಲ ಸರಿಹೋಗಿರಬೇಕಲ್ಲ ಎಂದು ಕೇಳುವವರಿದ್ದಾರೆ. ಬಿಲ್ಲಿನ ಮಟ್ಟಿಗೆ ಹೌದು. 2017ರ ನಿಯಮಗಳಲ್ಲಿ 46ನೆಯದು, ತೆರಿಗೆ ಬಿಲ್ಲಿನಲ್ಲಿ ಸರಕಿನ ಪ್ರಮಾಣದ ಜೊತೆ ಅದರ ಮಾನವನ್ನೂ ಬರೆಯಬೇಕು ಎನ್ನುತ್ತದೆ. ಅದಕ್ಕೆಂದೇ ಮೂರಕ್ಷರದ ಗುರುತುಗಳ ಪಟ್ಟಿಯಿದೆ: ಬಿಡಿಗೆ PCS, ಡಜನ್ನಿಗೆ DOZ, ಗ್ರೋಸಿಗೆ GRS, ಡಬ್ಬಿಗೆ BOX, ಹೀಗೆ. ಆದರೆ ಡೆಲಿವರಿ ಚಲನ್ನಿನ ನಿಯಮ 55ನೆಯದು. ಅಲ್ಲಿ ಪ್ರಮಾಣ ಬರೆಯಿರಿ ಎಂದಿದೆ, ಮಾನದ ಮಾತು ಬಿಡಿಸಿ ಹೇಳಿಲ್ಲ. ನನಗೆ ಇದು ನಿಯಮ ಬರೆದವರ ಮರೆವು ಅನ್ನಿಸುತ್ತದೆ. ಪೆಟ್ಟಿಗೆ ಒಡೆದು ಎಣಿಸುವವನ ಕೈಯಲ್ಲಿರುವುದು ಚಲನ್, ಬಿಲ್ಲಲ್ಲ. ಬಿಲ್ಲಿನಲ್ಲಿ ಮಾನ ತಪ್ಪಾಗಿ ಬಿದ್ದರೆ ತಿದ್ದಲು ಕ್ರೆಡಿಟ್ ನೋಟು ಬೇಕು, ಇಬ್ಬರ ಲೆಕ್ಕದಲ್ಲೂ ಅದು ಏರಬೇಕು. ಕೈಗೆ ಬಾರದ ಸರಕಿನ ಮೇಲೆ ಕೊಟ್ಟ ತೆರಿಗೆಗೆ ಕೊಳ್ಳುವವನು ಕ್ರೆಡಿಟ್ ತೆಗೆದುಕೊಳ್ಳುವಂತೆಯೂ ಇಲ್ಲ. ಏಳು ಪೈಸೆಯ ಶಾಯಿಯಲ್ಲಿ ‘ಪೀಸ್’ ಎಂದು ಬರೆದಿದ್ದರೆ ಇದೆಲ್ಲ ತಪ್ಪುತ್ತಿತ್ತು.

ಪತ್ರದ ಫೋಟೋವನ್ನು ಅವತ್ತೇ ರಾತ್ರಿ ಕಳಿಸಿದೆವು, ಕಾಗದ ಮರುದಿನದ ಅಂಚೆಗೆ ಹೋಯಿತು. ಬೆಳಿಗ್ಗೆ ಹತ್ತೂವರೆಗೆ ಪೇಟೆಯಿಂದ ಫೋನು. ಗಲ್ಲೆಯ ಹಿರಿಯರೇ ಮಾತನಾಡಿದರು. ಹುಡುಗ ಇಪ್ಪತ್ತು ಪೀಸೇ ಕಟ್ಟಿದ್ದನಂತೆ. ಬಿಲ್ಲು ಬರೆಯುವವನು ಮಾತ್ರ ಇಪ್ಪತ್ತು ಡಜನ್ನಿಗೆ 1,800 ಹಾಕಿ ಆಗಲೇ ಪ್ರಿಂಟು ತೆಗೆದಿಟ್ಟಿದ್ದನಂತೆ. ಅದನ್ನು ಹರಿದುಹಾಕಿದೆವು ಎಂದರು. “ನೀವು ಎಣಿಕೆ ಬರೆದು ಕಳಿಸಿದ್ದಕ್ಕೆ ನಾನೇ ಗೋದಾಮಿಗೆ ಹೋಗಿ ನೋಡಿದೆ. ಇಲ್ಲದಿದ್ದರೆ ಡಜನ್ ಅಂತಲೇ ಹೇಳಿಬಿಡ್ತಿದ್ದೆ,” ಎಂದೂ ಸೇರಿಸಿದರು.

ಎರಡು ದಿನಕ್ಕೆ ಉಳಿದ ಪೆನ್ನು ಬಂತು. ಜೊತೆಗಿದ್ದ ಹೊಸ ಚಲನ್‌ನಲ್ಲಿ ‘ಬಾಲ್ ಪೆನ್ – 11’ ಎಂದು ನೀಲಿ ಶಾಯಿಯಲ್ಲಿತ್ತು. ಅದರ ಪಕ್ಕದಲ್ಲಿ ‘ಬಾಕ್ಸ್, 220 ಪೀಸ್’ ಎಂದು ಬೇರೆ ಕೈಬರಹ, ಕೆಂಪು ಶಾಯಿ.